ಆಳದಿಂದ ಏರಿಬರುವ ನೀರು

ಮಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವೋ ಪೆರು ದೇಶದ ಕಯಾವೊ ಬಂದರು ಅದರಿಂದ ದಕ್ಷಿಣಕ್ಕೆ ಹೆಚ್ಚುಕಡಮೆ ಅಷ್ಟೇ ದೂರ. ಆದರೆ ಪಣಂಬೂರಿನ ಕಡಲಿಗೆ ಇಳಿದವನ ಕಾಲಿಗೆ ತಾಗುವ ನೀರು ವರ್ಷದ ಬಹುಭಾಗ 28 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿದ್ದರೆ, ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟನು 1802ರಲ್ಲಿ ಪೆರುವಿನ ಕರಾವಳಿಯ ನೀರಿನಲ್ಲಿ ಉಷ್ಣಮಾಪಕವನ್ನು ಅದ್ದಿದಾಗ ಅದು ತೋರಿಸಿದ್ದು ಸುಮಾರು 16 ಡಿಗ್ರಿ ಮಾತ್ರ. ದಕ್ಷಿಣಧ್ರುವದ ಕಡೆಯಿಂದ ಹರಿದುಬರುವ ಪ್ರವಾಹವೇ ಈ ಶೈತ್ಯವನ್ನು ಹೊತ್ತು ತರುತ್ತಿರಬೇಕೆಂದು ಆತನು ತರ್ಕಿಸಿದನು. ಅದು ಪೂರ್ತಿ ಸುಳ್ಳಲ್ಲ. ಆದರೆ ಕಾರಣದ ಹಿರಿಯ ಪಾಲು ಅಷ್ಟು ದೂರದಲ್ಲಿರದೆ, ಅದ್ದಿದ ಉಷ್ಣಮಾಪಕದ ನೇರ ಕೆಳಗೆಯೇ ಇದ್ದಿತು.

ಪೆರುವಿನ ತೀರದಲ್ಲಿ ಗಾಳಿಯು ದಕ್ಷಿಣದಿಂದ ಭೂಮಧ್ಯರೇಖೆಯ ಕಡೆಗೆ, ದಡದ ಉದ್ದಕ್ಕೂ, ವರ್ಷದ ಬಹುಕಾಲ ಬೀಸುತ್ತಿರುತ್ತದೆ. ಗಾಳಿ ಹೋದತ್ತಲೇ ನೀರೂ ಹೋಗುವುದೆಂದು ನಾವು ಭಾವಿಸುವುದು ಸಹಜ. ಆದರೆ ನಾರ್ವೆಯ ನಾನ್ಸೆನ್ನನು ಉತ್ತರ ಧ್ರುವಸಾಗರದಲ್ಲಿ ತನ್ನ ‘ಫ್ರಾಮ್’ ಹಡಗಿನೊಡನೆ ಹಿಮದಲ್ಲಿ ಸಿಲುಕಿ ತೇಲುತ್ತಿದ್ದಾಗ, ಹಿಮವು ಗಾಳಿಯ ದಿಕ್ಕಿಗೆ ಸರಿಯಾಗಿ ಸಾಗದೆ ಬಲಕ್ಕೆ ಓರೆಯಾಗಿ ಸರಿಯುವುದನ್ನು ಗಮನಿಸಿದನು. ಇದರ ಗಣಿತವನ್ನು 1905ರಲ್ಲಿ ವಿಸ್ತರಿಸಿ ಬರೆದವನು ಸ್ವೀಡನ್ನಿನ ಎಕ್ಮನ್. ಗಾಳಿಯು ಮೇಲಿನ ನೀರಪದರವನ್ನು ಎಳೆಯುತ್ತದೆ, ಆ ಪದರವು ತನ್ನ ಕೆಳಗಿನದನ್ನು, ಅದು ಇನ್ನೂ ಕೆಳಗಿನದನ್ನು; ಭೂಮಿಯು ತಿರುಗುತ್ತಿರುವುದರಿಂದ ಪ್ರತಿಯೊಂದು ಪದರವೂ ಮೇಲಿನದಕ್ಕಿಂತ ತುಸು ಹೆಚ್ಚು ಪಕ್ಕಕ್ಕೆ ಹೊರಳುತ್ತದೆ; ಎಲ್ಲವನ್ನೂ ಕೂಡಿಸಿ ನೋಡಿದರೆ ಒಟ್ಟು ನೀರು ಸಾಗುವುದು ಗಾಳಿಗೆ ಲಂಬವಾಗಿ, ಉತ್ತರಾರ್ಧಗೋಳದಲ್ಲಿ ಅದರ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಪೆರುವಿನಲ್ಲಿ ಉತ್ತರಾಭಿಮುಖವಾದ ಗಾಳಿಯ ಎಡಕ್ಕಿರುವುದು ತೆರೆದ ಸಾಗರ. ಮೇಲ್ನೀರು ಅತ್ತ ಸರಿದಾಗ ತೆರವಾದ ಎಡೆಯನ್ನು ತುಂಬಲು ದಡದ ಕಡೆಯಿಂದ ನೀರು ಬರಲಾರದು, ಅಲ್ಲಿರುವುದು ನೆಲ. ಆದ್ದರಿಂದ ಅದು ನೂರು ಮೀಟರಿನ ಆಸುಪಾಸಿನ ಆಳದಿಂದ, ದಿನಕ್ಕೆ ಕೆಲವೇ ಮೀಟರುಗಳಂತೆ, ಮೆಲ್ಲಮೆಲ್ಲನೆ ಏರಿಬರುತ್ತದೆ. ನಮ್ಮ ಪಡುವಣ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಇದೇ ಕ್ರಿಯೆ ನಡೆಯುವುದುಂಟು; ಕೇರಳದ ದಕ್ಷಿಣದಲ್ಲಿ ಬಲವಾಗಿ, ಉತ್ತರಕ್ಕೆ ಬಂದಂತೆ ಮೆದುವಾಗಿ. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಅದೂ ಒಂದು ಕಾರಣ.

ಏರಿಬಂದ ಈ ನೀರಿನ ಬೆಲೆಯೆಲ್ಲ ಅದರಲ್ಲಿ ಕರಗಿರುವ ಲವಣಗಳಲ್ಲಿದೆ. ಕಡಲಿನ ಮೇಲ್ಪದರದಲ್ಲಿ ಬೆಳಕುಂಟು, ಆದರೆ ಅಲ್ಲಿನ ಸೂಕ್ಷ್ಮಸಸ್ಯಗಳು ಗೊಬ್ಬರವನ್ನೆಲ್ಲ ಬೇಗನೆ ತಿಂದು ಮುಗಿಸಿಬಿಡುತ್ತವೆ. ಸತ್ತ ಜೀವಿಗಳೂ ಮಲವೂ ಕತ್ತಲೆಯ ಆಳಕ್ಕಿಳಿದು, ಬ್ಯಾಕ್ಟೀರಿಯಗಳಿಂದ ಕೊಳೆತು, ನೈಟ್ರೇಟ್ ಫಾಸ್ಫೇಟುಗಳಾಗಿ ಅಲ್ಲಿಯೇ ಸಂಚಯವಾಗುತ್ತವೆ. ಬೆಳಕಿದ್ದಲ್ಲಿ ಗೊಬ್ಬರವಿಲ್ಲ, ಗೊಬ್ಬರವಿದ್ದಲ್ಲಿ ಬೆಳಕಿಲ್ಲ. ಎರಡರ ನಡುವೆ ಮೇಲಿನ ಹಗುರವಾದ ಬಿಸಿನೀರು ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳ ಸರಿದ ಪೆರುವಿನ ತೀರದಲ್ಲಿ ಡಯಾಟಮ್ ಎಂಬ ಏಕಕೋಶ ಸಸ್ಯಗಳು, ಗಾಜಿನಂಥ ಸಿಲಿಕದ ಪುಟ್ಟ ಕರಂಡಗಳೊಳಗೆ ಕುಳಿತು, ದಿನಕ್ಕೊಮ್ಮೆ ಎರಡಾಗುತ್ತ ನೀರನ್ನೇ ಹಸಿರುಗಂದು ಬಣ್ಣಕ್ಕೆ ತಿರುಗಿಸುತ್ತವೆ. ಅವನ್ನೂ, ಅವನ್ನು ತಿಂದ ಸಣ್ಣ ಸಿಗಡಿಜಾತಿಯ ಪ್ರಾಣಿಗಳನ್ನೂ, ಗೇಣುದ್ದವೂ ಇಲ್ಲದ ಆಂಚೊವೆಟ ಮೀನು ಬಾಯಿ ತೆರೆದು ಕಿವಿರಿನ ಬಾಚಣಿಗೆಯಲ್ಲಿ ಸೋಸಿ ನುಂಗುತ್ತದೆ. ಆಹಾರದ ಪ್ರತಿ ಮೆಟ್ಟಿಲಿನಲ್ಲಿಯೂ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನಷ್ಟವಾಗುವುದರಿಂದ, ಮೆಟ್ಟಿಲುಗಳು ಒಂದೆರಡೇ ಇರುವ ಇಲ್ಲಿ ಮೀನಿನ ರಾಶಿ ಅಪಾರ. 1970ರಲ್ಲಿ ಪೆರು ಹಿಡಿದ ಆಂಚೊವೆಟ 1.2 ಕೋಟಿ ಟನ್ನನ್ನು ಮೀರಿತ್ತು.

ನನಗೆ ಅತ್ಯಂತ ಕುತೂಹಲಕರವಾಗಿ ತೋರುವುದು ಎಲ್ ನಿನ್ಯೋ ವರ್ಷಗಳ ಸಂಗತಿ. ಆಗ ಪೆರುವಿನ ಗಾಳಿ ನಿಂತುಹೋಗುವುದೆಂದು ಅನೇಕರ ಎಣಿಕೆ. ವಾಸ್ತವದಲ್ಲಿ ತೀರದ ಗಾಳಿ ಬಹುಮಟ್ಟಿಗೆ ಬೀಸುತ್ತಲೇ ಇರುತ್ತದೆ, ನೀರೂ ಏರುತ್ತಲೇ ಇರುತ್ತದೆ. ಕೆಡುವುದು ಬೇರೆ ಕಡೆ. ಪಶ್ಚಿಮ ಶಾಂತಸಾಗರದ ಮೇಲಿನ ಗಾಳಿ ಸೋತಾಗ, ಅಲ್ಲಿ ಒತ್ತರಿಸಿದ್ದ ಬಿಸಿನೀರು ಒಳಗಿನ ಅಲೆಯಾಗಿ ಸಮಭಾಜಕದುದ್ದಕ್ಕೂ ಸುಮಾರು ಎರಡು ತಿಂಗಳು ಸಾಗಿ ಅಮೆರಿಕದ ದಡವನ್ನು ಮುಟ್ಟುತ್ತದೆ, ಮತ್ತು ತಣ್ಣೀರಿನ ಗಡಿಯನ್ನು ಎಷ್ಟೋ ಮೀಟರು ಕೆಳಕ್ಕೆ ಒತ್ತುತ್ತದೆ. ಬಾವಿಯಲ್ಲಿ ನೀರು ತಗ್ಗಿದ ಮೇಲೂ ಹಳೆಯ ಗಿಡ್ಡ ಹಗ್ಗದಿಂದಲೇ ಕೊಡ ಇಳಿಸಿದಂತೆ, ಗಾಳಿಯು ಅದೇ ಆಳದಿಂದ ಎತ್ತುತ್ತದೆ, ಆದರೆ ಬರುವುದು ಬೆಚ್ಚನೆಯ, ಸಾರವಿಲ್ಲದ ನೀರು. ಆದುದರಿಂದ ಗಾಳಿಯನ್ನಷ್ಟೇ ಅಳೆದವನು ಮೋಸಹೋಗುವನು. ಉಷ್ಣಮಾಪಕವನ್ನು ಆಳಕ್ಕಿಳಿಸಿ ಗಡಿಯನ್ನು ಹುಡುಕಿದವನಿಗೆ ಮಾತ್ರ ಮುಂಚಿತವಾಗಿ ತಿಳಿಯುತ್ತದೆ.

1972ರ ಆರಂಭದಲ್ಲಿ ಹೀಗಾದಾಗ ಬೆಸ್ತರ ಬಲೆಗಳು ಬರಿದಾಗಲಿಲ್ಲ, ಬದಲಾಗಿ ತುಂಬಿ ತುಳುಕಿದವು. ಉಳಿದಿದ್ದ ಕಿರಿದಾದ ತಣ್ಣೀರಿನ ಪಟ್ಟಿಗಳಲ್ಲಿ, ದಡಕ್ಕೆ ಒತ್ತಿಕೊಂಡು, ಬೆಳೆದ ಮೀನುಗಳೆಲ್ಲ ಕಿಕ್ಕಿರಿದಿದ್ದವು. ಮರಿಗಳು ಮಾತ್ರ ಕಾಣಲೊಲ್ಲವು. ತುಂಬಿದ ಬಲೆಯನ್ನು ಕಂಡವರು ಹಿಡಿಯುತ್ತಲೇ ಹೋದರು. 1973ರಲ್ಲಿ ಇಡೀ ವರ್ಷಕ್ಕೆ ದೊರೆತದ್ದು 20 ಲಕ್ಷ ಟನ್ನಿನ ಆಸುಪಾಸು.