ಮೆಂಟರ್‌ಗೆ ಬರೆಯುವ ಒಂದು ಪ್ಯಾರಾ

ಮೆಂಟರ್‌ಶಿಪ್ ಅರ್ಜಿಯಲ್ಲಿ ಹೆಸರು, ಕಾಲೇಜು, ಅಂಕಗಳ ಚೌಕಗಳೆಲ್ಲ ಮುಗಿದ ಮೇಲೆ ಒಂದು ದೊಡ್ಡ ಖಾಲಿ ಜಾಗ ಇರುತ್ತದೆ: ‘ನಿಮ್ಮ ಬಗ್ಗೆ ಬರೆಯಿರಿ’. ನೂರೈವತ್ತು ಪದವೋ ಇನ್ನೂರು ಪದವೋ ಮಿತಿ. ಮನೆತನದಲ್ಲೇ ಮೊದಲು ಡಿಗ್ರಿ ಮುಗಿಸಿದವರು ಹೆಚ್ಚಾಗಿ ಎಡವುವುದು ಇಲ್ಲಿ. ಅದಕ್ಕೊಂದು ಕಾರಣ ಇದೆ. ಅವರು ಅಲ್ಲಿಯವರೆಗೆ ತುಂಬಿದ ಅರ್ಜಿಗಳೆಲ್ಲ ಸ್ಕಾಲರ್‌ಶಿಪ್ಪಿನವು, ಹಾಸ್ಟೆಲ್ ಸೀಟಿನವು, ಫೀ ರಿಯಾಯಿತಿಯವು. ಆ ಅರ್ಜಿಗಳು ಕೇಳುವುದು ಮನೆಯ ಆದಾಯ ಎಷ್ಟು, ಜಮೀನು ಎಷ್ಟು ಎಂದು. ಕಷ್ಟವನ್ನು ವಿವರಿಸಿದಷ್ಟೂ ಅಲ್ಲಿ ಅನುಕೂಲ. ಅದೇ ರೂಢಿಯಲ್ಲಿ ಕೈ ಇಲ್ಲಿಯೂ ಓಡುತ್ತದೆ. ಆದರೆ ಇಲ್ಲಿ ಹಂಚಿಕೆಯಾಗುವುದು ಒಬ್ಬರ ಬಿಡುವಿನ ಸಮಯ, ಹದಿನೈದು ದಿನಕ್ಕೊಮ್ಮೆ ಒಂದು ತಾಸಿನ ಫೋನ್ ಮಾತು. ಅರ್ಜಿ ಓದುವವರು ಹುಡುಕುವುದು ‘ಈ ಒಂದು ತಾಸಿನಲ್ಲಿ ನಾವಿಬ್ಬರೂ ಏನು ಮಾತಾಡುತ್ತೇವೆ?’ ಎಂಬುದಕ್ಕೆ ಉತ್ತರ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸಿಂಧನೂರು ಕಡೆಯ ಹುಡುಗಿ, ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ, ಕೆಮಿಸ್ಟ್ರಿ ಇಷ್ಟ. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಡಿಗ್ರಿ ಆದ ಮೇಲೆ ಒಂದು ವರ್ಷ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದ್ದಾಳೆ. ಅವಳ ಮೊದಲ ಪ್ಯಾರಾ ಹೀಗಿರುತ್ತದೆ:

“ನಾನು ಒಂದು ಬಡ ಕುಟುಂಬದಲ್ಲಿ ಹುಟ್ಟಿದೆ. ನನ್ನ ತಂದೆ ತಾಯಿ ಅನಕ್ಷರಸ್ಥರು. ಅನೇಕ ಕಷ್ಟಗಳನ್ನು ಎದುರಿಸಿ, ಛಲ ಬಿಡದೆ ಪ್ರಥಮ ದರ್ಜೆಯಲ್ಲಿ ಪದವಿ ಪಡೆದಿದ್ದೇನೆ. ಮುಂದೆ ವಿಜ್ಞಾನ ಕ್ಷೇತ್ರದಲ್ಲಿ ಸಾಧನೆ ಮಾಡಿ ಸಮಾಜಕ್ಕೆ ಸೇವೆ ಸಲ್ಲಿಸಬೇಕೆಂಬುದು ನನ್ನ ಗುರಿ. ತಾವು ಅವಕಾಶ ಕೊಟ್ಟರೆ ಶಕ್ತಿ ಮೀರಿ ಶ್ರಮಿಸುತ್ತೇನೆ.”

ಇದರಲ್ಲಿ ಸುಳ್ಳಿಲ್ಲ. ಆದರೆ ಅವಳ ಹೆಸರು ತೆಗೆದು ಅದೇ ಬೆಂಚಿನಲ್ಲಿ ಕೂತ ಗೆಳತಿಯ ಹೆಸರು ಹಾಕಿದರೂ ಪ್ಯಾರಾ ನಡೆಯುತ್ತದೆ. ಇದನ್ನು ಓದಿದ ಮೆಂಟರ್‌ಗೆ ಮರುಕ ಹುಟ್ಟಬಹುದು. ಮೊದಲ ಫೋನಿನಲ್ಲಿ ಏನು ಕೇಳಬೇಕೆಂದು ಮಾತ್ರ ಗೊತ್ತಾಗುವುದಿಲ್ಲ. ಅರ್ಜಿಗಳನ್ನು ಜೋಡಿಸುವವರಿಗೂ ಇವಳನ್ನು ಯಾರ ಬಳಿ ಕಳಿಸಬೇಕು ಎಂಬ ಸುಳಿವಿಲ್ಲ, ‘ವಿಜ್ಞಾನ ಕ್ಷೇತ್ರ’ ಎಂದರೆ ಔಷಧ ಕಂಪನಿಯೂ ಹೌದು, ಹೈಸ್ಕೂಲ್ ಮೇಷ್ಟರ ಕೆಲಸವೂ ಹೌದು.

ಇಂಥ ಪ್ಯಾರಾವನ್ನು ತಿದ್ದಲು ಕೂತರೆ ಭಾಷೆಗೆ ಕೈ ಹಚ್ಚುವ ಮೊದಲು ಬರೆದವಳನ್ನೇ ಕೇಳಬೇಕು: ಮೂರು ವರ್ಷದಲ್ಲಿ ನಿನ್ನ ಕೈಯಾರೆ ಮಾಡಿದ್ದು ಏನು? ಬಹುತೇಕರು ‘ಏನೂ ಇಲ್ಲ’ ಎನ್ನುತ್ತಾರೆ. ಸ್ವಲ್ಪ ಕೆದಕಿದರೆ ಹೊರಬರುತ್ತದೆ. ಇವಳ ವಿಷಯದಲ್ಲಿ ಅದು ಕೊನೆಯ ವರ್ಷದ ಪ್ರಾಜೆಕ್ಟ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಆ ಭಾಗದಲ್ಲಿ ವರ್ಷಗಟ್ಟಲೆ ಭತ್ತಕ್ಕೆ ನೀರು ನಿಲ್ಲಿಸಿ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಇವಳು ಊರಿನ ಹನ್ನೆರಡು ಹೊಲಗಳಿಂದ ಮಣ್ಣು ತಂದು, ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ, ಕಾಲೇಜಿನ ಮೀಟರಿನಲ್ಲಿ ಅದರ ವಿದ್ಯುತ್ ವಾಹಕತೆ ಅಳೆದಿದ್ದಾಳೆ. ಉಪ್ಪು ಹೆಚ್ಚಿದ್ದಷ್ಟೂ ಈ ಅಂಕಿ ಹೆಚ್ಚು. ಪುಸ್ತಕದಲ್ಲಿ 4 ಡೆಸಿಸೀಮನ್ಸ್ ದಾಟಿದರೆ ಸವಳು ಎಂದಿದೆ. ಇವಳಿಗೆ ಯಾವ ಹೊಲದ್ದೂ ಅಷ್ಟು ಬರಲಿಲ್ಲ. ಬೆಳೆ ಒಣಗಿದ ಹೊಲದ್ದೂ ಬರಲಿಲ್ಲ. ಆಮೇಲೆ ಓದಿದಾಗ ತಿಳಿಯಿತು: ಪುಸ್ತಕದ 4 ಎಂಬುದು ಮಣ್ಣನ್ನು ನೀರಲ್ಲಿ ಕಲಸಿ ಕೆಸರು ಮಾಡಿ, ಅದರಿಂದ ಬಸಿದು ತೆಗೆದ ನೀರಿಗೆ ಹೇಳಿದ್ದು. ಹೆಚ್ಚು ನೀರು ಬೆರೆಸಿದಾಗ ಉಪ್ಪು ತೆಳುವಾಗುತ್ತದೆ, ಅಂಕಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಎರೆಮಣ್ಣಿಗೆ ಒಂದು, ಮರಳುಮಣ್ಣಿಗೆ ಇನ್ನೊಂದು.

ಈ ಸಂಗತಿಯನ್ನು ಇವಳು ಅರ್ಜಿಯಲ್ಲಿ ಮುಚ್ಚಿಟ್ಟಿದ್ದಳು, ಪ್ರಾಜೆಕ್ಟ್ ಸರಿಹೋಗಲಿಲ್ಲ ಎಂಬ ನಾಚಿಕೆಗೆ. ನನ್ನ ಮಟ್ಟಿಗೆ ಇಡೀ ಅರ್ಜಿಯಲ್ಲಿ ಬೆಲೆಬಾಳುವುದು ಇದೊಂದೇ. ಮಣ್ಣಿನ ರಸಾಯನ ಗೊತ್ತಿರುವ ಯಾರೇ ಓದಿದರೂ ಇಲ್ಲಿ ನಿಲ್ಲುತ್ತಾರೆ, ಏಕೆಂದರೆ ಅವರ ಬಳಿ ಇದಕ್ಕೆ ಹೇಳುವ ಮಾತಿದೆ. ತಿದ್ದಿದ ಪ್ಯಾರಾ:

“ಸಿಂಧನೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ, ನಮ್ಮ ಮನೆತನದಲ್ಲಿ ಡಿಗ್ರಿ ಓದಿದವರಲ್ಲಿ ನಾನೇ ಮೊದಲು. ಕೊನೆಯ ವರ್ಷ ನಮ್ಮೂರಿನ ಹನ್ನೆರಡು ಹೊಲಗಳ ಮಣ್ಣಿನಲ್ಲಿ ಉಪ್ಪಿನ ಅಂಶ ಅಳೆದೆ. ನಾನು ಮಾಡಿದ ವಿಧಾನಕ್ಕೂ ಪುಸ್ತಕದ ಮಿತಿಗೂ ಹೊಂದಿಕೆ ಇಲ್ಲವೆಂದು ವರದಿ ಕೊಟ್ಟ ಮೇಲೆ ತಿಳಿಯಿತು. ಎರೆಮಣ್ಣಿನಲ್ಲಿ ಎರಡನ್ನೂ ಹೇಗೆ ಹೋಲಿಸಬೇಕೆಂದು ಇನ್ನೂ ಗೊತ್ತಾಗಿಲ್ಲ. ಒಂದು ವರ್ಷ ಮೆಡಿಕಲ್ ಶಾಪಿನಲ್ಲಿ ದುಡಿದು ಮನೆಯ ಸಾಲದ ಒಂದು ಭಾಗ ತೀರಿಸಿದೆ. ಈಗ ಎಂ.ಎಸ್ಸಿ.ಗೆ ಹೋಗಬೇಕು. ಜಾಮ್ ಪರೀಕ್ಷೆ ಬರೆಯಬೇಕೋ, ಕೃಷಿ ವಿಶ್ವವಿದ್ಯಾಲಯದ ದಾರಿ ನನ್ನ ಡಿಗ್ರಿಗೆ ತೆರೆದಿದೆಯೋ ಎಂದು ಕೇಳಲು ನನಗೆ ಪರಿಚಯದವರಿಲ್ಲ. ಈ ಎರಡು ವಿಷಯದಲ್ಲಿ ಸಹಾಯ ಬೇಕು. ರಾತ್ರಿ ಎಂಟರ ಮೇಲೆ, ಭಾನುವಾರ ಪೂರ್ತಿ ಮಾತಾಡಲು ಸಿಗುತ್ತೇನೆ. ಕನ್ನಡದಲ್ಲಿ ಸಲೀಸು, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುತ್ತೇನೆ.”

ಬಡತನ ಇಲ್ಲಿಯೂ ಇದೆ, ಆದರೆ ಒಂದು ವರ್ಷ ಓದು ನಿಂತಿದ್ದೇಕೆ ಎಂಬುದಕ್ಕೆ ಕಾರಣವಾಗಿ. ಆ ವರ್ಷವನ್ನು ಬಿಟ್ಟುಬಿಟ್ಟಿದ್ದರೆ ಓದುವವರು ತಾವೇ ಏನೋ ಊಹಿಸಿಕೊಳ್ಳುತ್ತಿದ್ದರು. ಮೊದಲ ಪದವೀಧರೆ ಎಂಬ ಸಂಗತಿಗೂ ಈಗ ಕೆಲಸ ಸಿಕ್ಕಿದೆ: ಗೆಳತಿಯ ಅಣ್ಣನೋ ಚಿಕ್ಕಪ್ಪನೋ ಮನೆಯಲ್ಲೇ ಹೇಳಿಬಿಡುವ ಮಾತನ್ನು ಇವಳು ಹೊರಗೆ ಕೇಳಬೇಕಾಗಿದೆ. ಅಪ್ಪನ ಹಮಾಲಿ ಕೆಲಸ ಪ್ಯಾರಾದಲ್ಲಿ ಇಲ್ಲ. ಇಟ್ಟರೆ ತಪ್ಪೇನಿಲ್ಲ, ಆದರೆ ಅಲ್ಲಿಂದ ಮಾತು ಮುಂದೆ ಸಾಗುವುದಿಲ್ಲ. ಜಾತಿ, ಆದಾಯ, ಆಧಾರ್ ಸಂಖ್ಯೆ ಇಲ್ಲಿ ಬೇಡವೇ ಬೇಡ. ಕೇಳುವುದಿದ್ದರೆ ಫಾರಂನಲ್ಲಿ ಬೇರೆ ಚೌಕ ಇರುತ್ತದೆ, ಪ್ಯಾರಾ ಮಾತ್ರ ಅಪರಿಚಿತ ಮೆಂಟರ್‌ಗಳ ಕೈಗೂ ಹೋಗುತ್ತದೆ.

ಕೇಳುವ ಸಹಾಯದ ಅಳತೆಯನ್ನೂ ಗಮನಿಸಬೇಕು. ‘ನನ್ನ ಭವಿಷ್ಯ ರೂಪಿಸಿ’ ಎಂದರೆ ಯಾರೂ ಒಪ್ಪಿಕೊಳ್ಳಲಾರರು. ‘ಕೆಲಸ ಕೊಡಿಸಿ’ ಎಂದರೆ ಒಳ್ಳೆಯ ಮೆಂಟರ್ ಹಿಂದೆ ಸರಿಯುತ್ತಾರೆ, ಅದು ಅವರ ಕೈಯಲ್ಲಿ ಇರುವುದಿಲ್ಲ. ಜಾಮ್ ಎಂಬುದು ಐಐಟಿಗಳ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ನಾತಕೋತ್ತರ ಪ್ರವೇಶಕ್ಕೆ ಬೇಕಾದ ಪರೀಕ್ಷೆ; ಅದನ್ನು ಬರೆಯಬೇಕೋ ಬೇಡವೋ ಎಂಬುದು ಒಂದೆರಡು ಮಾತುಕತೆಯಲ್ಲಿ ಬಗೆಹರಿಯುತ್ತದೆ.

ಕೊನೆಗೊಂದು ತಾಂತ್ರಿಕ ವಿಷಯ. ‘ಮೊದಲ ತಲೆಮಾರಿನ ಪದವೀಧರ’ ಎಂಬುದಕ್ಕೆ ಎಲ್ಲೆಡೆ ಒಂದೇ ವ್ಯಾಖ್ಯೆ ಇಲ್ಲ. ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆ ನೋಡುವುದು ತಂದೆ ತಾಯಿ ಪದವಿ ಮುಗಿಸಿದ್ದಾರೆಯೇ ಎಂದು ಮಾತ್ರ. ಅಕ್ಕ ಓದಿದ್ದರೂ ಅಡ್ಡಿಯಿಲ್ಲ. ತಮಿಳುನಾಡಿನಲ್ಲಿ ವೃತ್ತಿಪರ ಕೋರ್ಸುಗಳಿಗೆ ಕೊಡುವ ಮೊದಲ ಪದವೀಧರರ ಶುಲ್ಕ ರಿಯಾಯಿತಿಗೆ ಒಡಹುಟ್ಟಿದವರೂ ಪದವೀಧರರಾಗಿರಬಾರದು, ಕಂದಾಯ ಇಲಾಖೆಯ ಸರ್ಟಿಫಿಕೇಟ್ ಬೇರೆ ಬೇಕು. ಹಾಗಾಗಿ ಅಕ್ಕನೋ ಅಣ್ಣನೋ ಡಿಗ್ರಿ ಮಾಡಿದ್ದರೆ ‘ನಾನೇ ಮೊದಲು’ ಎಂದು ಬರೆಯದೆ, ‘ತಂದೆ ಏಳನೆಯ ತರಗತಿವರೆಗೆ ಓದಿದ್ದಾರೆ, ತಾಯಿ ಶಾಲೆಗೆ ಹೋಗಿಲ್ಲ, ಅಕ್ಕ ಬಿ.ಎ. ಮುಗಿಸಿದ್ದಾಳೆ’ ಎಂದು ಇದ್ದದ್ದನ್ನು ಬರೆದು, ತೀರ್ಮಾನವನ್ನು ಆ ಸಂಸ್ಥೆಯವರಿಗೇ ಬಿಡುವುದು ಕ್ಷೇಮ.