ಹತ್ತು ಗೇಟ್‌ಗಳ ಕೆಲಸ ಒಂದೇ ಗೇಟಿಗೆ

ಡಿಪ್ಲೊಮಾ ಇರಲಿ, ಬಿಸಿಎ ಇರಲಿ, ಎಂಜಿನಿಯರಿಂಗ್ ಇರಲಿ, ಬೂಲಿಯನ್ ಬೀಜಗಣಿತದ ಮೊದಲ ಇಂಟರ್ನಲ್ಸ್‌ನಲ್ಲಿ ‘ನಿಯಮಗಳನ್ನು ಬಳಸಿ ಸುಲಭೀಕರಿಸಿ’ ಎಂಬ ಪ್ರಶ್ನೆಯನ್ನು ನಿರೀಕ್ಷಿಸಬಹುದು. ಅದರ ಕೆಳಗೆ ಇಂಥದ್ದೊಂದು ಬೀಜೋಕ್ತಿ ಇರುತ್ತದೆ:

```
F = (A·(B + C)')'·(A + B) + A·B'·C'
```

ನೋಡಿದ ಕೂಡಲೇ ಕಂಗಾಲಾಗಬೇಕಿಲ್ಲ. ಇಲ್ಲಿ ಪ್ರತಿ ಅಕ್ಷರಕ್ಕೆ ಇರುವುದು ಎರಡೇ ಬೆಲೆ, 0 ಅಥವಾ 1. ಕೂಡು ಚಿಹ್ನೆ ಎಂದರೆ ‘ಅಥವಾ’: ಎರಡರಲ್ಲಿ ಒಂದಾದರೂ 1 ಇದ್ದರೆ ಉತ್ತರ 1. ಚುಕ್ಕೆ ಎಂದರೆ ‘ಮತ್ತು’: ಎರಡೂ 1 ಇದ್ದರೆ ಮಾತ್ರ 1. ಅಕ್ಷರದ ಪಕ್ಕದ `'` ಗುರುತು ಬೆಲೆಯನ್ನು ತಿರುಗಿಸುತ್ತದೆ. ತರಗತಿಯಲ್ಲಿ ಇದನ್ನೇ ತಲೆಯ ಮೇಲೆ ಗೆರೆ ಎಳೆದು ‘ಎ ಬಾರ್’ ಎನ್ನುತ್ತೇವೆ. ಈ ಬೀಜೋಕ್ತಿಯನ್ನು ಬರೆದಿರುವಂತೆಯೇ ಸರ್ಕ್ಯೂಟ್ ಮಾಡಿದರೆ ಮೂರು ಆರ್, ಮೂರು ಆ್ಯಂಡ್, ನಾಲ್ಕು ನಾಟ್, ಒಟ್ಟು ಹತ್ತು ಗೇಟ್ ಬೇಕು. ಕೊನೆಗೆ ಎಷ್ಟು ಉಳಿಯುತ್ತವೆ ನೋಡೋಣ.

ಮೊದಲು ಕೈ ಹಾಕಬೇಕಾದದ್ದು ಆವರಣದ ಹೊರಗಿರುವ ಬಾರ್‌ಗೆ. ಅದು ಅಲ್ಲಿರುವ ತನಕ ಒಳಗಿನ ಪದಗಳನ್ನು ಹೊರಗಿನವುಗಳ ಜೊತೆ ಸೇರಿಸಲಾಗದು. ಇಲ್ಲಿ ನೆರವಿಗೆ ಬರುವುದು ಡಿ ಮಾರ್ಗನ್ ನಿಯಮ. ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ನೆರೆಯ ಮಧುರೈಯಲ್ಲಿ, 1806ರಲ್ಲಿ. ಗಣಿತಜ್ಞನಾಗಿ ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಬಾರ್ ಒಳಗೆ ಇಳಿಯುವಾಗ ಚುಕ್ಕೆ ಕೂಡು ಆಗುತ್ತದೆ, ಕೂಡು ಚುಕ್ಕೆ ಆಗುತ್ತದೆ ಎಂಬುದು ನಿಯಮದ ಸಾರ. ಹೊರಗಿನ ಬಾರ್‌ನಿಂದ ಶುರು ಮಾಡಿ:

```
F = (A' + ((B + C)')')·(A + B) + A·B'·C'
F = (A' + B + C)·(A + B) + A·B'·C'
```

ಎರಡನೇ ಸಾಲಿನಲ್ಲಿ ಎರಡು ಬಾರ್ ಒಂದನ್ನೊಂದು ಕಳೆದುಕೊಂಡವು. ತಿರುಗಿಸಿದ್ದನ್ನು ಮತ್ತೆ ತಿರುಗಿಸಿದರೆ ಮೊದಲಿದ್ದದ್ದೇ ಬರುತ್ತದೆ. ಹೊರಗಿನಿಂದ ಒಳಕ್ಕೆ ಬಂದದ್ದರ ಲಾಭ ಇದು: ಒಳಗಿನ ಬಾರ್ ಒಡೆಯುವ ಶ್ರಮವೇ ಉಳಿಯಿತು.

ಇನ್ನು ಡಿಸ್ಟ್ರಿಬ್ಯೂಟಿವ್ ನಿಯಮ. ಮೊದಲ ಆವರಣದ ಮೂರು ಪದಗಳಲ್ಲಿ ಒಂದೊಂದೂ ಎರಡನೇ ಆವರಣದ ಎರಡಕ್ಕೂ ಗುಣಿಸಬೇಕು. ಆರು ಪದ ಬರಬೇಕು. ಬರೆದ ಮೇಲೆ ಎಣಿಸಿ.

```
F = A'·A + A'·B + A·B + B·B + A·C + B·C + A·B'·C'
F = 0 + A'·B + A·B + B + A·C + B·C + A·B'·C'
F = A'·B + A·B + B + A·C + B·C + A·B'·C'
```

`A'·A` ಸೊನ್ನೆ, ಏಕೆಂದರೆ ಒಂದು ಬೆಲೆಯೂ ಅದರ ವಿರುದ್ಧವೂ ಒಟ್ಟಿಗೆ 1 ಆಗಲಾರವು. `B·B` ಬರೀ `B`. ಇಲ್ಲಿ ವರ್ಗ ಎಂಬುದಿಲ್ಲ, ಹಾಗೆಯೇ `B + B` ಎಂದರೆ `2B` ಅಲ್ಲ, ಅದೂ `B`. ಪಿಯುಸಿ ಬೀಜಗಣಿತದ ಕೈ ಅಭ್ಯಾಸ ಹೆಚ್ಚಾಗಿ ಅಡ್ಡಬರುವ ಜಾಗ ಇದು.

ಈಗ ಒಂಟಿಯಾಗಿ ನಿಂತಿರುವ `B` ಕಡೆ ಗಮನ ಕೊಡಿ. ಉದ್ದದ ಬೀಜೋಕ್ತಿಯಲ್ಲಿ ಒಂದೇ ಅಕ್ಷರದ ಪದ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಆ ಅಕ್ಷರವನ್ನು ಗುಣಕವಾಗಿ ಹೊಂದಿರುವ ಉಳಿದೆಲ್ಲ ಪದಗಳನ್ನು ಅದು ನುಂಗಿಹಾಕುತ್ತದೆ. ಅಬ್ಸಾರ್ಪ್ಷನ್ ನಿಯಮ ಎನ್ನುವುದು ಇದನ್ನೇ. `B` ಇರುವ ನಾಲ್ಕು ಪದಗಳನ್ನು ಒಟ್ಟು ಮಾಡಿದರೆ ಕಾರಣ ಕಾಣುತ್ತದೆ:

```
A'·B + A·B + B + B·C = B·(A' + A + 1 + C) = B·1 = B
F = B + A·C + A·B'·C'
```

ಆವರಣದೊಳಗೆ 1 ಕೂಡಿದ್ದರೆ ಉಳಿದದ್ದು ಏನೇ ಇರಲಿ, ಮೊತ್ತ 1.

ಎಷ್ಟೋ ಮಂದಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮೂರು ಪದಗಳಲ್ಲಿ ಯಾವುದೂ ಇನ್ನೊಂದನ್ನು ನುಂಗುವಂತೆ ಕಾಣುವುದಿಲ್ಲ, ಬರೆದದ್ದೂ ತಪ್ಪಲ್ಲ. ಆದರೆ ಪ್ರಶ್ನೆ ಕೇಳಿದ್ದು ಸರಳ ರೂಪ, ಅದು ಇನ್ನೂ ಬಂದಿಲ್ಲ. `B` ಒಂದು ಕಡೆ, `B'` ಇರುವ ಪದ ಇನ್ನೊಂದು ಕಡೆ ಇದ್ದಾಗ ಒಂದು ಬಾಗಿಲು ತೆರೆದೇ ಇರುತ್ತದೆ. `B'` ಜೊತೆಗಿರುವ `A·C'` ಅನ್ನು ಒಂದೇ ಗಂಟೆಂದು ಹಿಡಿಯಿರಿ:

```
B + B'·(A·C') = (B + B')·(B + A·C')
              = 1·(B + A·C')
              = B + A·C'
```

ಇಲ್ಲಿ ಬಳಸಿದ್ದು ಡಿಸ್ಟ್ರಿಬ್ಯೂಟಿವ್ ನಿಯಮದ ಎರಡನೇ ರೂಪ, ಗುಣಾಕಾರದ ಮೇಲೆ ಕೂಡಿಕೆ ಹರಡುವುದು. ಶಾಲೆಯ ಬೀಜಗಣಿತದಲ್ಲಿ ಇದು ನಡೆಯುವುದಿಲ್ಲವಾದ್ದರಿಂದ ಕೈ ಹಿಂಜರಿಯುತ್ತದೆ. ಬೂಲಿಯನ್‌ನಲ್ಲಿ ಪೂರ್ತಿ ಸರಿ. ಮಾತಿನಲ್ಲಿ ಹೇಳುವುದಾದರೆ, `B` 1 ಆಗಿದ್ದರೆ ಉತ್ತರ ಹೇಗೂ 1, ಎರಡನೇ ಪದಕ್ಕೆ ಕೆಲಸ ಬೀಳುವುದೇ `B` 0 ಆಗಿದ್ದಾಗ, ಆಗ `B'` ಹೇಗೂ 1 ಇರುತ್ತದೆ. ಅದನ್ನು ಬರೆಯುವ ಅಗತ್ಯವೇ ಇಲ್ಲ. ಉಳಿದದ್ದು ಸಲೀಸು:

```
F = B + A·C + A·C'
F = B + A·(C + C')
F = B + A·1
F = A + B
```

ಹತ್ತು ಗೇಟ್ ಇದ್ದಲ್ಲಿ ಈಗ ಒಂದೇ ಒಂದು ಆರ್ ಗೇಟ್. `C` ಎಂಬ ತಂತಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಇಂಥ ಲೆಕ್ಕಾಚಾರ ಸರ್ಕ್ಯೂಟಿಗೆ ಒದಗುತ್ತದೆಂದು ಕ್ಲಾಡ್ ಶಾನನ್ ಎಂಬ ವಿದ್ಯಾರ್ಥಿ ಅಮೆರಿಕದ ಎಂಐಟಿಯಲ್ಲಿ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿಕೊಟ್ಟ, ಅಂದಿನ ರಿಲೇ ಸ್ವಿಚ್‌ಗಳನ್ನು ಇಟ್ಟುಕೊಂಡು. ಜಾರ್ಜ್ ಬೂಲ್ ತರ್ಕವನ್ನು ಬೀಜಗಣಿತಕ್ಕೆ ತಂದದ್ದು ಅದಕ್ಕೂ 90 ವರ್ಷ ಮೊದಲು, 1847ರ ಪುಸ್ತಕದಲ್ಲಿ.

ಈ ಲೆಕ್ಕಕ್ಕೆ ಇನ್ನೊಂದು ದಾರಿಯಿದೆ, ನನಗೆ ತುಂಬ ಇಷ್ಟವಾದದ್ದು. ಮೊದಲ ಆವರಣದೊಳಗಿನ `A·(B + C)'` ಎಂದರೆ ಡಿ ಮಾರ್ಗನ್ ಪ್ರಕಾರ `A·B'·C'`. ಅಂದರೆ ಕೊನೆಯ ಪದವೇ! ಅದಕ್ಕೆ `X` ಎಂದು ಹೆಸರಿಟ್ಟರೆ:

```
F = X'·(A + B) + X
F = X + A + B
F = A·B'·C' + A + B
F = A + B
```

ಎರಡನೇ ಸಾಲು ಈಗಷ್ಟೇ ನೋಡಿದ ನಿಯಮ, ಕೊನೆಯದು ಅಬ್ಸಾರ್ಪ್ಷನ್. ಪರೀಕ್ಷೆಯ ಗಡಿಬಿಡಿಯಲ್ಲಿ ಇದು ಹೊಳೆಯಲೇಬೇಕೆಂದಿಲ್ಲ, ಹೊಳೆಯದಿದ್ದರೆ ಮೊದಲ ದಾರಿ ಇದ್ದೇ ಇದೆ. ಆದರೂ ಪೆನ್ನು ಊರುವ ಮುನ್ನ ಒಂದೇ ಪದ ಎರಡು ವೇಷದಲ್ಲಿ ಕೂತಿದೆಯೇ ಎಂದು ಕಣ್ಣಾಡಿಸುವುದು ಒಳ್ಳೆಯದು.

ಉತ್ತರ ಸರಿಯೋ ತಪ್ಪೋ ಎಂದು ಹಾಲ್‌ನಲ್ಲೇ ತಿಳಿಯಬಹುದು. ತುಂಬ ಜನ ಮಾಡುವ ತಪ್ಪು `(B + C)'` ಅನ್ನು `B' + C'` ಎಂದು ಬರೆಯುವುದು. ಬಾರ್ ಇಳಿಯಿತು, ಚಿಹ್ನೆ ಬದಲಾಗಲಿಲ್ಲ. ಹಾಗೆ ಮಾಡಿದರೆ ಇಲ್ಲಿ `A'·B + B·C + A·B'·C'` ಎಂಬ ಉತ್ತರ ಬರುತ್ತದೆ. ಅದಕ್ಕೆ `A=1, B=1, C=0` ಹಾಕಿ. ಮೂರೂ ಪದ 0, ಮೊತ್ತ 0. ಮೂಲ ಬೀಜೋಕ್ತಿಗೆ ಅದೇ ಬೆಲೆ ಹಾಕಿದರೆ `B + C` 1, ಅದರ ಬಾರ್ 0, `A` ಜೊತೆ ಗುಣಿಸಿದರೆ 0, ಹೊರಗಿನ ಬಾರ್‌ನಿಂದ 1, `A + B` ಕೂಡ 1, ಉತ್ತರ 1. ಒಂದೇ ಸಾಲು ಹೊಂದದಿದ್ದರೂ ತಪ್ಪು ಖಚಿತ. ಹೊಂದಿದರೆ ಮಾತ್ರ ಸರಿಯೆಂದು ಖಚಿತವಾಗುವುದಿಲ್ಲ, ಅದಕ್ಕೆ ಟ್ರೂತ್ ಟೇಬಲ್‌ನ ಎಂಟೂ ಸಾಲು ನೋಡಬೇಕು. ಸಮಯ ಕಡಿಮೆ ಇದ್ದರೆ ಎರಡು ಮೂರು ಸಾಲನ್ನಾದರೂ ನೋಡಿ.

ಕಳೆಯುವುದು, ಭಾಗಿಸುವುದು ಈ ಬೀಜಗಣಿತದಲ್ಲಿ ಇಲ್ಲ. `A + B = A + C` ಎಂದಿದ್ದರೆ `A` ಹೊಡೆದುಹಾಕಿ `B = C` ಎನ್ನುವಂತಿಲ್ಲ. `A` 1 ಆಗಿದ್ದರೆ `B`, `C` ಬೇರೆಬೇರೆ ಇದ್ದರೂ ಎರಡೂ ಬದಿ 1. ಮತ್ತು ಪ್ರತಿ ಸಾಲಿನ ಬಲಕ್ಕೆ ಬಳಸಿದ ನಿಯಮದ ಹೆಸರು ಬರೆಯಿರಿ. ಹೆಸರು ಹೊಳೆಯದ ಸಾಲಿನಲ್ಲೇ ಸಾಮಾನ್ಯವಾಗಿ ತಪ್ಪು ಅಡಗಿರುತ್ತದೆ.

ಈಗ ಹಾಳೆ ತೆಗೆದುಕೊಂಡು ಇದನ್ನು ಬಿಡಿಸಿ:

```
G = (A' + B)·(A + B) + (A·B)'
```

ಉತ್ತರ 1. ನಿಮ್ಮ ಕೊನೆಯ ಸಾಲಿನಲ್ಲಿ ಯಾವುದಾದರೂ ಅಕ್ಷರ ಉಳಿದುಕೊಂಡಿದ್ದರೆ ಮೊದಲು ಡಿ ಮಾರ್ಗನ್ ಬಳಸಿದ ಸಾಲನ್ನು ಮತ್ತೊಮ್ಮೆ ನೋಡಿ.