ಫ್ಲ್ಯಾಟ್ ತಡವಾದರೆ ಚದರಡಿಗೆ ಐದು ರೂಪಾಯಿ ಸಾಕೇ?

ಬೆಂಗಳೂರಿನ ಬೇಗೂರಿನಲ್ಲಿ ಡಿಎಲ್‌ಎಫ್‌ನ ಯೋಜನೆಯೊಂದರಲ್ಲಿ ಫ್ಲ್ಯಾಟ್ ಕೊಂಡ 339 ಮಂದಿಯ ದೂರು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಗ್ರಿಮೆಂಟ್ ಪ್ರಕಾರ 36 ತಿಂಗಳಲ್ಲಿ ಮನೆ ಸಿಗಬೇಕಿತ್ತು. ಎರಡರಿಂದ ನಾಲ್ಕು ವರ್ಷ ತಡವಾಯಿತು. ತಡವಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಕೊಡುತ್ತೇವೆ, ಅಷ್ಟೇ ಎಂದು ಅಗ್ರಿಮೆಂಟಿನಲ್ಲೇ ಬರೆದಿತ್ತು. ಅದನ್ನೇ ಹಿಡಿದು ರಾಷ್ಟ್ರೀಯ ಗ್ರಾಹಕ ಆಯೋಗ ದೂರನ್ನು ವಜಾ ಮಾಡಿತ್ತು. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಗ್ರಾಹಕ ಕಂತು ತಪ್ಪಿಸಿದರೆ ದುಬಾರಿ ಬಡ್ಡಿ, ಬಿಲ್ಡರ್ ಗಡುವು ತಪ್ಪಿಸಿದರೆ ಚಿಲ್ಲರೆ ಕಾಸು ಎಂಬ ಕರಾರು ಏಕಪಕ್ಷೀಯವೆಂದು ಹೇಳಿ, ಆ ಐದು ರೂಪಾಯಿಯ ಜೊತೆಗೆ ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇ 6ರಷ್ಟು ಬಡ್ಡಿಯನ್ನೂ ಪರಿಹಾರವಾಗಿ ಕೊಡಿಸಿತು.

ಇಂದು ರೇರಾದಲ್ಲಿ ನೋಂದಣಿಯಾದ ಯೋಜನೆಯಾದರೆ ಇನ್ನೂ ಗಟ್ಟಿಯಾದ ಆಸರೆಯಿದೆ. 2016ರ ಆ ಕಾಯ್ದೆಯ 18ನೇ ಕಲಮು ಗ್ರಾಹಕನಿಗೆ ಎರಡು ದಾರಿ ಕೊಡುತ್ತದೆ: ಯೋಜನೆಯಿಂದ ಹೊರಬಂದು ಹಣವನ್ನು ಬಡ್ಡಿಸಮೇತ ವಾಪಸು ಪಡೆಯುವುದು, ಇಲ್ಲವೇ ಮನೆಯನ್ನು ಬಿಡದೆ, ಅದು ಕೈಗೆ ಬರುವವರೆಗೂ ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯುವುದು. ಕರ್ನಾಟಕದ ನಿಯಮದಂತೆ ಈ ಬಡ್ಡಿ ಸ್ಟೇಟ್ ಬ್ಯಾಂಕಿನ ಗರಿಷ್ಠ ಎಂಸಿಎಲ್‌ಆರ್ ದರದ ಮೇಲೆ ಶೇ 2 ಹೆಚ್ಚು.

1,500 ಚದರಡಿಯ ಫ್ಲ್ಯಾಟಿಗೆ ನೀವು 60 ಲಕ್ಷ ಕಟ್ಟಿದ್ದೀರಿ, 14 ತಿಂಗಳು ತಡವಾಗಿದೆ ಎಂದುಕೊಳ್ಳಿ. ಚದರಡಿಗೆ ಐದು ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ 7,500, ಒಟ್ಟು 1 ಲಕ್ಷ 5 ಸಾವಿರ. ಬಡ್ಡಿ ಶೇ 11 ಎಂದಿಟ್ಟುಕೊಂಡರೆ ತಿಂಗಳಿಗೆ 55 ಸಾವಿರ, ಒಟ್ಟು 7 ಲಕ್ಷ 70 ಸಾವಿರ. "ಅಗ್ರಿಮೆಂಟ್ ಪ್ರಕಾರ ಕೊಡ್ತೀವಿ ಸಾರ್" ಎಂದು ಬಿಲ್ಡರ್ ಕಚೇರಿಯವರು ಅಷ್ಟು ಸಲೀಸಾಗಿ ಒಪ್ಪುವುದೇಕೆ ಎಂಬುದು ಈ ವ್ಯತ್ಯಾಸ ನೋಡಿದರೆ ಅರ್ಥವಾದೀತು.

ಬಿಲ್ಡರಿಗೆ ಬರೆಯುವ ಮೊದಲ ಪತ್ರದಲ್ಲಿ ಈ ಲೆಕ್ಕವೇ ಇರಬೇಕು. ಸಂಕಟ, ಸಿಟ್ಟಿಗೆ ಒಂದು ಸಾಲು ಸಾಕು. ಅಗ್ರಿಮೆಂಟ್ ಆದ ದಿನ, ಅದರಲ್ಲಿ ಹೇಳಿದ ಹಸ್ತಾಂತರದ ದಿನ, ಗ್ರೇಸ್ ಅವಧಿ ಇದ್ದರೆ ಅದು ಮುಗಿದ ದಿನ, ಯಾವ ತಾರೀಖಿಗೆ ಎಷ್ಟು ಕಟ್ಟಿದಿರಿ ಎಂಬ ಪಟ್ಟಿ, ಕೇಳುವ ಮೊತ್ತ, ಉತ್ತರಕ್ಕೆ ಗಡುವು. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಇಲ್ಲಿ ಜನ ಎಡವುವುದು ದಿನಾಂಕದಲ್ಲಿ. ರೇರಾ ಜಾಲತಾಣದಲ್ಲಿ ಯೋಜನೆ ಮುಗಿಯುವ ದಿನವೆಂದು ಬಿಲ್ಡರ್ ತಾನೇ ಹಾಕಿಕೊಂಡ ತಾರೀಖು ಅಗ್ರಿಮೆಂಟಿನ ತಾರೀಖಿಗಿಂತ ತಡವಾಗಿರಬಹುದು. ನಿಮ್ಮ ಎಣಿಕೆ ಶುರುವಾಗಬೇಕಾದದ್ದು ಅಗ್ರಿಮೆಂಟಿನದರಿಂದ.

ಎಣಿಕೆ ಎಲ್ಲಿ ನಿಲ್ಲುತ್ತದೆ ಎಂಬುದೂ ಅಷ್ಟೇ ಮುಖ್ಯ. "ಮನೆ ರೆಡಿ, ಬಾಕಿ ಕಟ್ಟಿ ಕೀ ತಗೊಳ್ಳಿ" ಎಂಬ ಪತ್ರ ಬಂದ ಮಾತ್ರಕ್ಕೆ ತಡ ಮುಗಿಯದು. ಬೇಗೂರಿನ ಪ್ರಕರಣದಲ್ಲೂ ಬಡ್ಡಿ ನಿಂತದ್ದು ಒ.ಸಿ., ಅಂದರೆ ಸ್ವಾಧೀನಾನುಭವ ಪತ್ರ ಸಿಕ್ಕ ಬಳಿಕ ಮನೆ ಒಪ್ಪಿಸಲು ಮುಂದಾದ ದಿನಕ್ಕೆ. ಹಾಗಾಗಿ ಕೀ ಪತ್ರ ಬಂದರೆ ಒ.ಸಿ. ಪ್ರತಿಯನ್ನು ಬರಹದಲ್ಲೇ ಕೇಳಿ.

ಆ ಪತ್ರದ ಜೊತೆ ಇನ್ನೊಂದು ಹಾಳೆಯೂ ಬಂದೀತು: ತಡಕ್ಕೆ ಸಂಬಂಧಿಸಿ ಯಾವ ತಕರಾರೂ ಇಲ್ಲ ಎಂಬ ಮುಚ್ಚಳಿಕೆ. ಕ್ರಯಪತ್ರ ಬೇಕಾದರೆ ಪರಿಹಾರದ ಹಕ್ಕು ಬಿಟ್ಟುಕೊಡಿ ಎನ್ನುವುದು ಸರಿಯಲ್ಲ, ಮನೆ ನೋಂದಾಯಿಸಿಕೊಂಡವರ ಹಕ್ಕು ಅಷ್ಟಕ್ಕೇ ಹೋಗದು ಎಂದು ಅದೇ ತೀರ್ಪು ಹೇಳಿದೆ. ಆದರೆ ಬಿಲ್ಡರ್ ಜೊತೆ ಪ್ರತ್ಯೇಕವಾಗಿ ರಾಜಿ ಮಾಡಿಕೊಂಡು ಸಹಿ ಹಾಕಿದ್ದವರಿಗೆ ಆ ತೀರ್ಪಿನ ಲಾಭ ದೊರೆಯಲಿಲ್ಲ.

ಪತ್ರಕ್ಕೆ ಉತ್ತರ ಬರದಿದ್ದರೆ ರೇರಾದಲ್ಲಿ ಆನ್‌ಲೈನ್ ದೂರು. ಬಡ್ಡಿ ಅಥವಾ ಹಣ ವಾಪಸಾತಿಯನ್ನು ಪ್ರಾಧಿಕಾರವೇ ತೀರ್ಮಾನಿಸುತ್ತದೆ. ಮನೆ ಬಾಡಿಗೆ, ಮಾನಸಿಕ ಯಾತನೆಯಂಥ ನಷ್ಟ ಪರಿಹಾರವನ್ನು ನಿರ್ಣಯಿಸುವವರು ಬೇರೆ, ನ್ಯಾಯನಿರ್ಣಯ ಅಧಿಕಾರಿ. 2021ರ ನ್ಯೂಟೆಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಗಡಿಯನ್ನು ಸ್ಪಷ್ಟಪಡಿಸಿತು. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಅರ್ಧ ಕೋರಿಕೆ ಅಲ್ಲೇ ಉಳಿದುಹೋಗುತ್ತದೆ.

ಆದೇಶ ಬಂದರೆ ಹಣ ಬಂದಂತಲ್ಲ. ಬಿಲ್ಡರ್ ಕೊಡದಿದ್ದರೆ ಅದು ಭೂಕಂದಾಯದ ಬಾಕಿಯಂತೆ ವಸೂಲಾಗಬೇಕು. ಕಡತ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ, ತಡವಾಗುವುದೂ ಅಲ್ಲೇ. ಬಿಲ್ಡರ್ ಮೇಲ್ಮನವಿ ಹಾಕಬೇಕೆಂದರೆ ಮಾತ್ರ, ಗ್ರಾಹಕನಿಗೆ ಕೊಡಬೇಕಾದ ಮೊತ್ತವನ್ನು ಬಡ್ಡಿ, ಪರಿಹಾರ ಸಮೇತ ಮೊದಲು ಠೇವಣಿ ಇಡಬೇಕು.